ರಬ್ಬರ್ ಬ್ಯಾಂಡ್ ಹಾಕಿಟ್ಟ ದುಡ್ಡು: ಲೆಡ್ಜರ್, ಅವೈಲಬಲ್, ಹೋಲ್ಡ್

ಪ್ರಶ್ನೆ: ಸರ್, ನಾನು ಟೆಕ್ಸಾಸ್‌ನಲ್ಲಿ ಎಂಎಸ್ ಓದ್ತಿದೀನಿ, ಬಂದು ನಾಲ್ಕು ತಿಂಗಳಾಯ್ತು. ಹೋದ ಶುಕ್ರವಾರ ಅಕೌಂಟಲ್ಲಿ 412.60 ಡಾಲರ್ ಇತ್ತು. ಸಂಜೆ ಡೆಬಿಟ್ ಕಾರ್ಡಲ್ಲಿ 31.40ಕ್ಕೆ ಪೆಟ್ರೋಲ್ ಹಾಕಿಕೊಂಡೆ. ಶನಿವಾರ ಸ್ಯಾನ್ ಆಂಟೋನಿಯೋದಲ್ಲಿ ಒಂದು ರಾತ್ರಿ ಹೋಟೆಲ್, ಬಿಲ್ 139. ಅವತ್ತು ರಾತ್ರಿ 52 ಡಾಲರ್ ಊಟಕ್ಕೆ ಕಾರ್ಡ್ ಡಿಕ್ಲೈನ್ ಆಯ್ತು, ಫ್ರೆಂಡ್ಸ್ ಮುಂದೆ ಮರ್ಯಾದೆ ಹೋಯ್ತು. ಇವತ್ತು ಬುಧವಾರ, ಆಪ್‌ನಲ್ಲಿ ಒಂದು ಕಡೆ 242.20 ಅಂತಿದೆ, ಇನ್ನೊಂದು ಕಡೆ 53.20 ಅಂತಿದೆ. ಹೋಟೆಲ್‌ನವರು ಎರಡು ಸಲ ಕಟ್ ಮಾಡಿದ್ರಾ? ಶುಕ್ರವಾರ 65 ಡಾಲರ್ ಫೋನ್ ಬಿಲ್ ಆಟೋಪೇ ಇದೆ, ಅದು ಹೋಗುತ್ತಾ?

ಉತ್ತರ: ಇಲ್ಲ, ಎರಡು ಸಲ ಕಟ್ ಆಗಿಲ್ಲ. ಹೋಟೆಲ್‌ನವರ ಕೈಗೆ ಹೋಗಿರುವುದು 139 ಮಾತ್ರ. 242.20 ಕೂಡ ಸರಿ, 53.20 ಕೂಡ ಸರಿ. ಆದರೆ ಫೋನ್ ಬಿಲ್ ವಿಷಯದಲ್ಲಿ ಸುಮ್ನೆ ಕೂರಬೇಡಿ, ನಾಳೆಯೊಳಗೆ ಏನಾದರೂ ಮಾಡಲೇಬೇಕು. ಏನು ಅಂತ ಆಮೇಲೆ ಹೇಳುತ್ತೇನೆ. ಲೆಡ್ಜರ್, ಅವೈಲಬಲ್, ಹೋಲ್ಡ್ ಅನ್ನುವ ಮೂರು ಹೆಸರುಗಳ ಒಳಗುಟ್ಟು ಗೊತ್ತಿಲ್ಲದೆ ಬ್ಯಾಂಕಿಗೆ ಫೋನ್ ಮಾಡಿದರೆ ಆ ಕಡೆಯವರು "ಕಾಯಿರಿ" ಅಂದುಬಿಡುತ್ತಾರೆ, ನೀವೂ "ಸರಿ" ಅಂದು ಇಟ್ಟುಬಿಡುತ್ತೀರಿ.

ನಾನು ಬಹಳ ವರ್ಷ ಕಾರ್ಡ್ ವ್ಯವಹಾರದ ಹಿಂದಿನ ಕೋಣೆಯಲ್ಲಿ ಕೆಲಸ ಮಾಡಿದವನು. ಅಂದರೆ ಗ್ರಾಹಕರ ಮುಖ ನೋಡುವ ಕೌಂಟರ್ ಅಲ್ಲ, ರಾತ್ರಿ ಬರುವ ಫೈಲ್‌ಗಳನ್ನು ಬೆಳಿಗ್ಗೆ ತಾಳೆ ನೋಡುವ ಕೆಲಸ. ನಿಮ್ಮಂಥ ದೂರು ವಾರಕ್ಕೆ ಹತ್ತಾದರೂ ಬರುತ್ತಿದ್ದವು. ಎಲ್ಲರದೂ ಒಂದೇ ಮಾತು, "ಎರಡು ಸಲ ಕಟ್ ಆಗಿದೆ".

ಮನೆಯ ಸಾಸಿವೆ ಡಬ್ಬಿ ನೆನಪಿಸಿಕೊಳ್ಳಿ. ಅಮ್ಮ ಅದರಲ್ಲಿ 500 ರೂಪಾಯಿ ಇಟ್ಟಿದ್ದಾರೆ. ಹಾಲಿನವನಿಗೆ ತಿಂಗಳ ಲೆಕ್ಕ ಕೊಡಬೇಕು, ಎಷ್ಟು ಅಂತ ಇನ್ನೂ ಕೂಡಿಲ್ಲ, ಆದರೆ 200 ದಾಟುವುದಿಲ್ಲ ಅಂತ ಗೊತ್ತು. ಹಾಗಾಗಿ 200 ರೂಪಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಡಬ್ಬಿಯೊಳಗೇ ಒಂದು ಪಕ್ಕಕ್ಕೆ ಇಡುತ್ತಾರೆ. ಈಗ ಡಬ್ಬಿಯಲ್ಲಿ ಎಷ್ಟಿದೆ? 500. ಅದು ಲೆಡ್ಜರ್ ಬ್ಯಾಲೆನ್ಸ್. ರಬ್ಬರ್ ಬ್ಯಾಂಡ್ ಹಾಕಿದ್ದು 200, ಅದು ಹೋಲ್ಡ್. ತರಕಾರಿ ತರೋಕೆ ನಿಮ್ಮ ಕೈಗೆ ಕೊಡಬಹುದಾದದ್ದು 300, ಅದು ಅವೈಲಬಲ್ ಬ್ಯಾಲೆನ್ಸ್. ದುಡ್ಡು ಎಲ್ಲೂ ಹೋಗಿಲ್ಲ, ಡಬ್ಬಿಯಲ್ಲೇ ಇದೆ. ಮುಟ್ಟುವ ಹಾಗಿಲ್ಲ ಅಷ್ಟೆ.

ಅಮೆರಿಕದ ಆಪ್‌ಗಳಲ್ಲಿ ಲೆಡ್ಜರ್ ಅನ್ನುವ ಪದ ಸಾಮಾನ್ಯವಾಗಿ ಕಾಣುವುದಿಲ್ಲ, ಅದನ್ನು ಕರೆಂಟ್ ಬ್ಯಾಲೆನ್ಸ್ ಅನ್ನುತ್ತಾರೆ. ಇದು ನನಗೆ ಮೊದಲಿನಿಂದಲೂ ಸರಿಬಾರದ ಹೆಸರು. ಕರೆಂಟ್ ಅಂದರೆ "ಈ ಕ್ಷಣದ್ದು" ಅಂತ ಜನ ಅಂದುಕೊಳ್ಳುತ್ತಾರೆ, ಆದರೆ ಅದು ಬ್ಯಾಂಕಿನ ಪುಸ್ತಕದಲ್ಲಿ ಬರೆದು ಮುಗಿದ ಲೆಕ್ಕ. ಸಾಮಾನ್ಯವಾಗಿ ಬ್ಯಾಂಕಿನ ಕೆಲಸದ ದಿನಗಳ ರಾತ್ರಿ ಕಾರ್ಡ್ ಲೆಕ್ಕಗಳೆಲ್ಲ ಒಟ್ಟಿಗೆ ಪುಸ್ತಕಕ್ಕೆ ಏರುತ್ತವೆ. ಶನಿವಾರ, ಭಾನುವಾರ ಏರುವುದಿಲ್ಲ. ಶುಕ್ರವಾರ ಸಂಜೆ ಹಾಕಿಕೊಂಡ ಪೆಟ್ರೋಲು ಪುಸ್ತಕಕ್ಕೆ ಬರುವಷ್ಟರಲ್ಲಿ ಸೋಮವಾರ ರಾತ್ರಿ, ಇಲ್ಲವೇ ಮಂಗಳವಾರ ಆಗಿರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಹೋಲ್ಡ್ ಎಷ್ಟು ಅಂತ ಬರೆದಿಲ್ಲ, ಆದರೆ ನೀವು ಕೊಟ್ಟ ಅಂಕಿಗಳೇ ಅದನ್ನು ಹೇಳುತ್ತವೆ. 242.20ರಲ್ಲಿ 53.20 ಕಳೆಯಿರಿ. 189 ಉಳಿಯಿತು, ಅಲ್ವಾ? ಹೋಟೆಲ್ ಬಿಲ್ 139, ಅದರ ಮೇಲೆ 50. ಹೋಟೆಲ್‌ನವರು ಚೆಕ್‌ಇನ್ ಮಾಡುವಾಗ ರೂಮಿನ ಬಾಡಿಗೆ, ತೆರಿಗೆಯ ಜೊತೆಗೆ ರಾತ್ರಿಗೆ ಇಷ್ಟು ಅಂತ ಒಂದು ಹೆಚ್ಚುವರಿ ಮೊತ್ತ ಸೇರಿಸಿ ತಡೆದಿಡುತ್ತಾರೆ. ನೀವು ಫ್ರಿಜ್‌ನಿಂದ ಏನಾದರೂ ತೆಗೆದರೆ, ರೂಮಲ್ಲಿ ಸಿಗರೇಟು ಸೇದಿದರೆ, ಟವೆಲ್ ಎತ್ತಿಕೊಂಡು ಹೋದರೆ ಅಂತ. ಅದು 50 ಡಾಲರ್ ಆಗಿತ್ತು ಅನ್ನುವುದು ಲೆಕ್ಕದಿಂದಲೇ ಗೊತ್ತಾಗುತ್ತದೆ.

ಶನಿವಾರ ರಾತ್ರಿಯ ಊಟದ ಗುಟ್ಟೂ ಇಲ್ಲೇ ಇದೆ. 412.60ರಲ್ಲಿ ಹೋಟೆಲಿನ 189 ಕಳೆದರೂ 223.60 ಉಳಿಯಬೇಕು. 52ಕ್ಕೆ ಧಾರಾಳ ಸಾಕು. ಪೆಟ್ರೋಲಿನ 31.40 ಕಳೆದರೂ 192.20 ಇದೆ. ಮತ್ಯಾಕೆ ಡಿಕ್ಲೈನ್? ಯಾಕೆಂದರೆ ಪಂಪ್ ತಡೆದಿಟ್ಟಿದ್ದು 31.40 ಅಲ್ಲ, 175. ವೀಸಾ, ಮಾಸ್ಟರ್‌ಕಾರ್ಡ್‌ಗಳು ಸೆಲ್ಫ್ ಸರ್ವಿಸ್ ಪಂಪ್‌ಗೆ ಕೊಟ್ಟಿದ್ದ ಮಿತಿ ಮೊದಲು 125 ಡಾಲರ್ ಇತ್ತು, 2022ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಅದನ್ನು 175ಕ್ಕೆ ಏರಿಸಿದರು. 223.60ರಲ್ಲಿ 175 ಹೋದರೆ ಉಳಿದದ್ದು 48.60. ಊಟ 52. ಮೂರು ಡಾಲರ್ 40 ಸೆಂಟ್ ಕಡಿಮೆ ಬಿತ್ತು, ಮರ್ಯಾದೆ ಹೋಯಿತು.

ಪಂಪ್ ಯಾಕೆ ಹೀಗೆ ಮಾಡುತ್ತದೆ ಅಂತ ಕೇಳಬಹುದು. ನಮ್ಮೂರ ಬಂಕ್‌ನಲ್ಲಿ ಹುಡುಗ ಬಂದು "ಎಷ್ಟಕ್ಕೆ ಹಾಕ್ಲಿ ಸಾರ್?" ಅನ್ನುತ್ತಾನೆ, ಹಾಕುತ್ತಾನೆ, ಮೀಟರ್ ನೋಡಿ ಮೆಷಿನ್‌ನಲ್ಲಿ ಅಷ್ಟೇ ಮೊತ್ತ ಒತ್ತುತ್ತಾನೆ. ಕಾರ್ಡ್ ಉಜ್ಜುವ ಹೊತ್ತಿಗೆ ಮೊತ್ತ ಗೊತ್ತಾಗಿರುತ್ತದೆ. ಹಾಗಾಗಿ ತಡೆದಿಡುವ ಪ್ರಶ್ನೆಯೇ ಬರುವುದಿಲ್ಲ. ಅಮೆರಿಕದಲ್ಲಿ ಉಲ್ಟಾ. ನೀವು ಮೊದಲು ಕಾರ್ಡ್ ತೋರಿಸಬೇಕು, ಆಮೇಲೆ ಪೈಪ್ ಎತ್ತಬೇಕು. ಕಾರ್ಡ್ ತೋರಿಸಿದಾಗ ನೀವು 10 ಡಾಲರ್‌ಗೆ ಹಾಕುತ್ತೀರೋ, ದೊಡ್ಡ ಟ್ರಕ್ ತಂದು 150ಕ್ಕೆ ತುಂಬಿಸುತ್ತೀರೋ ಪಂಪ್‌ಗೆ ಗೊತ್ತಿಲ್ಲ. ಪಕ್ಕದಲ್ಲಿ ಮನುಷ್ಯರೂ ಇಲ್ಲ. ತುಂಬಿಸಿಕೊಂಡ ಮೇಲೆ "ದುಡ್ಡಿಲ್ಲ" ಅಂದರೆ ಟ್ಯಾಂಕಿನಿಂದ ವಾಪಸ್ ಹೀರೋಕಾಗುತ್ತಾ? ಅದಕ್ಕೆ ಅದು ಬ್ಯಾಂಕಿಗೆ ಮೊದಲೇ ಕೇಳುತ್ತದೆ, "ಇವರ ಖಾತೆಯಲ್ಲಿ ಇಷ್ಟು ಇದ್ಯಾ? ಇದ್ದರೆ ಎತ್ತಿಡು". ಬ್ಯಾಂಕು ಹ್ಞೂಂ ಅಂದು ರಬ್ಬರ್ ಬ್ಯಾಂಡ್ ಸುತ್ತುತ್ತದೆ.

ಇದನ್ನೇ ಆಥರೈಸೇಷನ್ ಅನ್ನುತ್ತಾರೆ. ಇದು ಬರೀ ಒಂದು ಪ್ರಶ್ನೆ ಮತ್ತು ಒಂದು ಉತ್ತರ, ಇದರಲ್ಲಿ ದುಡ್ಡು ಕದಲುವುದಿಲ್ಲ. ದುಡ್ಡು ಕದಲುವುದು ಎರಡನೇ ಸಂದೇಶದಲ್ಲಿ, ಅಂಗಡಿಯವರು "ನಮ್ಮದು ಮುಗಿಯಿತು, ಕೊಡಬೇಕಾದ್ದು 31.40" ಅಂತ ಅಂತಿಮ ಲೆಕ್ಕ ಕಳಿಸಿದಾಗ. ಅದು ಸೆಟಲ್‌ಮೆಂಟ್. ನಿಮ್ಮ ಆಪ್‌ನಲ್ಲಿ ಪೆಂಡಿಂಗ್ ಅಂತ ಕಾಣುವುದು ಮೊದಲನೆಯದು, ಪೋಸ್ಟೆಡ್ ಅಂತ ಕಾಣುವುದು ಎರಡನೆಯದು. ಲೆಡ್ಜರ್‌ಗೆ ಗೊತ್ತಿರುವುದು ಎರಡನೆಯದು ಮಾತ್ರ, ಮೊದಲನೆಯದನ್ನು ಅದು ಕೇಳಿಯೇ ಇಲ್ಲ. ಅವೈಲಬಲ್ ಎರಡನ್ನೂ ನೋಡುತ್ತದೆ.

ದಿನದ ಪ್ರಕಾರ ನೋಡಿದರೆ ನಿಮ್ಮ ಖಾತೆ ಹೀಗೆ ನಡೆದಿದೆ. ಶುಕ್ರವಾರ ರಾತ್ರಿ ಲೆಡ್ಜರ್ 412.60 ಹಾಗೇ ಇತ್ತು, ಅವೈಲಬಲ್ ಮಾತ್ರ 237.60ಕ್ಕೆ ಇಳಿದಿತ್ತು. ಶನಿವಾರ ಮಧ್ಯಾಹ್ನ ಚೆಕ್‌ಇನ್ ಆದ ತಕ್ಷಣ ಅವೈಲಬಲ್ 48.60, ಲೆಡ್ಜರ್ ಆಗಲೂ 412.60. ನೀವು "400ಕ್ಕಿಂತ ಜಾಸ್ತಿ ಇದೆ" ಅಂತ ಧೈರ್ಯವಾಗಿ ಊಟಕ್ಕೆ ಕೂತದ್ದು ಈ ಅಂಕಿ ನೋಡಿ ಅಂತ ಕಾಣುತ್ತದೆ. ಆಮೇಲೆ ಪೆಟ್ರೋಲಿನ ಅಂತಿಮ ಲೆಕ್ಕ ಬಂತು. ಲೆಡ್ಜರ್ 381.20 ಆಯಿತು, 175ರ ರಬ್ಬರ್ ಬ್ಯಾಂಡ್ ಬಿಚ್ಚಿತು, ಅವೈಲಬಲ್ 192.20ಕ್ಕೆ ಏರಿತು. ಪೆಟ್ರೋಲ್ ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು. ಮಂಗಳವಾರ ರಾತ್ರಿ ಹೋಟೆಲಿನ 139 ಬಂತು, ಲೆಡ್ಜರ್ 242.20 ಆಯಿತು. ಆಗ ಹೋಟೆಲಿನ 189ರ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. 242.20ರಲ್ಲಿ 189 ಕಳೆದು 53.20. ಅಂದರೆ ಅಮ್ಮ ಹಾಲಿನವನಿಗೆ ಬೇರೆ ನೋಟಿನಿಂದ ದುಡ್ಡು ಕೊಟ್ಟು ಕಳಿಸಿದ್ದಾರೆ, ಸುತ್ತಿಟ್ಟ 200 ಹಾಗೇ ಮೂಲೆಯಲ್ಲಿದೆ.

ಪೆಟ್ರೋಲಿನದು ಬಿಚ್ಚಿಕೊಂಡಿತು, ಹೋಟೆಲಿನದು ಯಾಕೆ ಇಲ್ಲ? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಕಷ್ಟ ಕೊಡುವುದು ಇದೇ ಜಾಗ.

ಬ್ಯಾಂಕು ಒಂದೊಂದು ಹೋಲ್ಡ್‌ಗೂ ಒಂದು ಅಪ್ರೂವಲ್ ಕೋಡ್ ಕೊಟ್ಟಿರುತ್ತದೆ, ಸಾಮಾನ್ಯವಾಗಿ ಆರು ಅಕ್ಷರ ಅಥವಾ ಅಂಕಿ. ಅದರ ಜೊತೆಗೆ ಆ ವ್ಯವಹಾರದ ಗುರುತಿನ ಸಂಖ್ಯೆಯೂ ಇರುತ್ತದೆ. ಅಂತಿಮ ಲೆಕ್ಕ ಬಂದಾಗ ಬ್ಯಾಂಕಿನ ಕಂಪ್ಯೂಟರು ಈ ಗುರುತು, ಕೋಡ್, ಅಂಗಡಿ, ಮೊತ್ತ ಎಲ್ಲ ನೋಡಿ "ಓ, ಇದು ಆ ಹೋಲ್ಡ್‌ನದ್ದೇ" ಅಂತ ಜೋಡಿ ಹುಡುಕುತ್ತದೆ. ಜೋಡಿ ಸಿಕ್ಕಿದರೆ ಹೋಲ್ಡ್ ತೆಗೆದುಹಾಕುತ್ತದೆ. ಮೊತ್ತ ಬೇರೆ ಇದ್ದರೂ ಗುರುತು ಒಂದೇ ಇದ್ದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ನಿಮ್ಮ 175 ಮತ್ತು 31.40 ಹಾಗೇ ಜೋಡಿಯಾದವು.

ಹೋಟೆಲಿನಲ್ಲಿ ಮನುಷ್ಯರಿದ್ದಾರೆ. ಭಾನುವಾರ ಬೆಳಿಗ್ಗೆ ಚೆಕ್‌ಔಟ್ ಸಾಲು ಉದ್ದ ಇರುತ್ತದೆ. ಡೆಸ್ಕ್‌ನವರು ಮಾಡಬೇಕಾದ್ದು ಏನೆಂದರೆ, ಶನಿವಾರದ ಅದೇ ಆಥರೈಸೇಷನ್ ತೆರೆದು ಅದರ ಮೇಲೆ 139 ಅಂತ ಮುಗಿಸುವುದು. ಅದರ ಬದಲು ಕೆಲವರು 139ನ್ನು ಆ ಆಥರೈಸೇಷನ್‌ಗೆ ಜೋಡಿಸದೆ ಬೇರೆಯೇ ಲೆಕ್ಕವಾಗಿ ಕಳಿಸಿಬಿಡುತ್ತಾರೆ. ಅದರಲ್ಲಿ ಹಳೇ ಗುರುತು ಇರುವುದಿಲ್ಲ. ಅದು ತನ್ನ ಪಾಡಿಗೆ ಹೋಗಿ ಪುಸ್ತಕ ಸೇರುತ್ತದೆ. ಹಳೇ 189 ಜೋಡಿಯಿಲ್ಲದೆ ನಿಂತಿರುತ್ತದೆ. ನಿಮ್ಮದಕ್ಕೂ ಬಹುತೇಕ ಇದೇ ಕಾರಣ. ಇದರಲ್ಲಿ ಮೋಸ ಏನಿಲ್ಲ, ಅವಸರ ಇದೆ.

ನನಗೇ ಆಗಿದೆ ಇದು. ಅದೂ ಈ ಕೆಲಸದಲ್ಲಿದ್ದಾಗಲೇ! ಒಂದು ಹೋಟೆಲಿನಲ್ಲಿ ಚೆಕ್‌ಇನ್‌ಗೆ ಡೆಬಿಟ್ ಕಾರ್ಡ್ ಕೊಟ್ಟೆ, ಹೊರಡುವಾಗ ಪಾಯಿಂಟ್ ಆಸೆಗೆ ಬೇರೆ ಕಾರ್ಡ್‌ನಲ್ಲಿ ಕಟ್ಟಿದೆ. ಬೇರೆ ಕಾರ್ಡ್‌ನಲ್ಲಿ ಕಟ್ಟಿದ ಮೇಲೆ ಮೊದಲ ಕಾರ್ಡ್‌ನ ಹೋಲ್ಡ್‌ಗೆ ಜೋಡಿ ಎಲ್ಲಿಂದ ಬರಬೇಕು? ಹನ್ನೊಂದು ದಿನ ನಿಂತಿತ್ತು. ಹೆಂಡತಿ ಕೇಳಿದಳು, "ಊರಿನವರ ಹೋಲ್ಡ್ ಎಲ್ಲ ಬಿಡಿಸ್ತೀರಲ್ಲ, ಇದನ್ನ ಬಿಡಿಸೋಕೆ ಯಾರಿಗೆ ಹೇಳೋಣ?"

ಜೋಡಿ ಸಿಗದ ಹೋಲ್ಡ್ ತಾನಾಗಿಯೇ ಸಾಯುತ್ತದೆ, ಆದರೆ ಯಾವಾಗ ಅನ್ನುವುದು ಬ್ಯಾಂಕ್ ಮೇಲೆ ಹೋಗುತ್ತದೆ. ಕಾರ್ಡ್ ನೆಟ್‌ವರ್ಕ್‌ನ ನಿಯಮದಲ್ಲಿ ಹೋಟೆಲಿನ ಆಥರೈಸೇಷನ್ ಸುಮಾರು ಒಂದು ತಿಂಗಳವರೆಗೆ ನಡೆಯಬಹುದು, ಯಾಕೆಂದರೆ ಜನ ವಾರಗಟ್ಟಲೆ ಉಳಿಯುತ್ತಾರೆ. ಡೆಬಿಟ್ ಕಾರ್ಡ್‌ಗೆ ತುಂಬಾ ಬ್ಯಾಂಕುಗಳು ಅಷ್ಟು ಕಾಯದೆ ಕೆಲವು ದಿನಕ್ಕೇ ಬಿಟ್ಟುಬಿಡುತ್ತವೆ, ಕೆಲವು ಬಿಡುವುದಿಲ್ಲ. ನಿಮ್ಮದು ಎಷ್ಟು ದಿನ ಅನ್ನುವುದನ್ನು ಬ್ಯಾಂಕಿಗೇ ಕೇಳಬೇಕು. "ನನ್ನ ದುಡ್ಡು ಯಾವಾಗ ವಾಪಸ್ ಬರುತ್ತೆ?" ಅಂತ ಕೇಳಬೇಡಿ, ಆ ಪ್ರಶ್ನೆಗೆ ಅವರ ಹತ್ತಿರ ಬಾಯಿಪಾಠದ ಉತ್ತರ ಇದೆ. "189ರ ಪೆಂಡಿಂಗ್ ಆಥರೈಸೇಷನ್ ಯಾವ ತಾರೀಕಿಗೆ ಎಕ್ಸ್‌ಪೈರ್ ಆಗುತ್ತೆ?" ಅಂತ ಕೇಳಿ. ಆ ತಾರೀಕು ಅವರ ಪರದೆ ಮೇಲೆ ಸಾಮಾನ್ಯವಾಗಿ ಇರುತ್ತದೆ.

ಈಗ ಫೋನ್ ಬಿಲ್. ಶುಕ್ರವಾರ 65 ಬೇಕು, ಅವೈಲಬಲ್ 53.20. ಬಿಲ್ ಬಂದಾಗ ಯಾವ ಅಂಕಿ ನೋಡಿ ಹ್ಞೂಂ ಅನ್ನಬೇಕು ಅನ್ನುವುದನ್ನು ಒಂದೊಂದು ಬ್ಯಾಂಕ್ ತನ್ನ ಖಾತೆ ಒಪ್ಪಂದದಲ್ಲಿ ಬರೆದಿರುತ್ತದೆ. ಕೆಲವರು ಲೆಡ್ಜರ್ ನೋಡುತ್ತಾರೆ, ಹೆಚ್ಚಿನವರು ನೋಡುವುದು ಅವೈಲಬಲ್. ಅವೈಲಬಲ್ ನೋಡುವ ಬ್ಯಾಂಕ್ ಆದರೆ ನಿಮ್ಮ 242.20 ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, 11.80 ಕಡಿಮೆ ಅಂತಲೇ ಆಗುತ್ತದೆ.

ಶನಿವಾರ ಊಟಕ್ಕೆ ಡಿಕ್ಲೈನ್ ಆದಾಗ ಮರ್ಯಾದೆ ಮಾತ್ರ ಹೋಯಿತು, ದಂಡ ಬೀಳಲಿಲ್ಲ, ಅಲ್ವಾ? ಅದಕ್ಕೂ ಕಾರಣ ಇದೆ. ಅಂಗಡಿಯಲ್ಲಿ ಒಂದು ಸಲಕ್ಕೆ ಡೆಬಿಟ್ ಕಾರ್ಡ್ ಬಳಸಿದಾಗ, ಎಟಿಎಂನಲ್ಲಿ ತೆಗೆದಾಗ ದುಡ್ಡು ಸಾಲದಿದ್ದರೆ, ನೀವು ಮೊದಲೇ ಒಪ್ಪಿಗೆ ಕೊಟ್ಟಿರದ ಹೊರತು ಬ್ಯಾಂಕು ಓವರ್‌ಡ್ರಾಫ್ಟ್ ಶುಲ್ಕ ಹಾಕುವಂತಿಲ್ಲ. 2010ರಿಂದ ಅಮೆರಿಕದಲ್ಲಿ ಇದು ನಿಯಮ. ಆದರೆ ಈ ರಕ್ಷಣೆ ಆಟೋಪೇಗೆ ಇಲ್ಲ. ಫೋನ್ ಕಂಪನಿ ನಿಮ್ಮ ಖಾತೆ ಸಂಖ್ಯೆಯಿಂದ ನೇರ ಎಳೆದುಕೊಳ್ಳುವ ವ್ಯವಸ್ಥೆ ಆಗಿದ್ದರೆ ಬ್ಯಾಂಕು ಎರಡರಲ್ಲಿ ಒಂದು ಮಾಡಬಹುದು. ದುಡ್ಡು ಕೊಟ್ಟು ನಿಮಗೆ ಶುಲ್ಕ ಹಾಕಬಹುದು, ಅಥವಾ ಬಿಲ್ ವಾಪಸ್ ಕಳಿಸಬಹುದು. ವಾಪಸ್ ಕಳಿಸಿದರೆ ಫೋನ್ ಕಂಪನಿಯವರು ತಮ್ಮ ಕಡೆಯಿಂದ ಶುಲ್ಕ ಹಾಕಬಹುದು. ಹನ್ನೆರಡು ಡಾಲರ್ ಕೊರತೆಗೆ ಇದೆಲ್ಲ ಯಾಕೆ?

ಹಾಗಾಗಿ ಎಲ್ಲಕ್ಕಿಂತ ಸುಲಭದ ದಾರಿ ಮೊದಲು: ನಾಳೆ ಸಂಜೆಯೊಳಗೆ ಇಪ್ಪತ್ತು ಡಾಲರ್ ಖಾತೆಗೆ ಬರುವ ಹಾಗೆ ಮಾಡಿ. ಸ್ನೇಹಿತರ ಹತ್ತಿರ ಕೇಳಿ, ಅಥವಾ ಕೈಯಲ್ಲಿರುವ ನೋಟು ನಿಮ್ಮ ಬ್ಯಾಂಕಿನ ಎಟಿಎಂಗೆ ಹಾಕಿ. ಚೆಕ್ ಹಾಕಬೇಡಿ, ಚೆಕ್ಕಿನ ದುಡ್ಡು ಲೆಡ್ಜರ್‌ಗೆ ಬೇಗ ಬಂದರೂ ಅವೈಲಬಲ್‌ಗೆ ಬರೋಕೆ ದಿನ ಹಿಡಿಯಬಹುದು, ಅದರ ಮೇಲೂ ಒಂದು ಹೋಲ್ಡ್ ಇರುತ್ತದೆ. ದುಡ್ಡು ಹೊಂದಿಸಲು ಆಗದಿದ್ದರೆ ಇವತ್ತೇ ಫೋನ್ ಕಂಪನಿಯ ಆಪ್‌ನಲ್ಲಿ ಆಟೋಪೇ ತಾರೀಕು ಮುಂದೆ ಹಾಕಿ. ಕೊನೆ ದಿನ ಬದಲಾಯಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಹೋಲ್ಡ್ ಬಿಡಿಸುವ ಪ್ರಯತ್ನವನ್ನೂ ಜೊತೆಗೇ ಮಾಡಿ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಮೊದಲು ಹೋಟೆಲ್ಲಿಗೆ ಫೋನ್ ಮಾಡಿ. ಡೆಸ್ಕ್‌ನಲ್ಲಿ ಎತ್ತಿಕೊಂಡವರು "ನಾವು 139 ಅಷ್ಟೇ ತಗೊಂಡಿದ್ದು, ನಿಮ್ಮ ಬ್ಯಾಂಕ್ ಕೇಳಿ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅವರ ಪುಸ್ತಕದಲ್ಲಿ ಕಾಣುವುದು 139 ಮಾತ್ರ. ಹಾಗಾಗಿ "ಎರಡು ಸಲ ತಗೊಂಡಿದೀರಿ" ಅಂತ ಜಗಳ ತೆಗೆಯಬೇಡಿ. "ಚೆಕ್‌ಇನ್ ದಿನ ತೆಗೆದ 189ರ ಆಥರೈಸೇಷನ್ ರಿವರ್ಸ್ ಮಾಡಿ" ಅಂತ ಹೇಳಿ. ಅಕೌಂಟಿಂಗ್ ವಿಭಾಗದವರು ಹಗಲು ಹೊತ್ತಲ್ಲಿ ಮಾತ್ರ ಇರುತ್ತಾರೆ, ರಾತ್ರಿ ಡೆಸ್ಕ್‌ನವರಿಗೆ ಹೇಳಿ ಪ್ರಯೋಜನ ಇಲ್ಲ. ಅವರು ರಿವರ್ಸಲ್ ಕಳಿಸಿದರೆ ಬ್ಯಾಂಕು ಬೇಗ ಬಿಡುತ್ತದೆ. ಅವರ ಸಿಸ್ಟಮ್‌ನಲ್ಲಿ ಆಗುವುದಿಲ್ಲ ಅಂದರೆ ಅಪ್ರೂವಲ್ ಕೋಡ್ ಕೊಡಿ ಅಂತ ಕೇಳಿ ಬರೆದುಕೊಳ್ಳಿ, ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಹೋಟೆಲ್‌ನವರನ್ನೂ ಅದೇ ಕಾಲ್‌ಗೆ ಸೇರಿಸಿ. ಹೋಟೆಲ್‌ನವರು ಬಾಯಲ್ಲಿ "ಹೌದು, ಇದು ನಮಗೆ ಬೇಡ" ಅಂದರೆ ಕೆಲವು ಬ್ಯಾಂಕುಗಳು ಅಲ್ಲೇ ಬಿಟ್ಟುಬಿಡುತ್ತವೆ. ಇನ್ನು ಕೆಲವು ಹೋಟೆಲಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ತಾರೀಕು, ಕೋಡ್, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದು ಕಳಿಸಿ ಅನ್ನುತ್ತವೆ. "ಈ ಕಟ್ ತಪ್ಪು" ಅಂತ ಬ್ಯಾಂಕಿಗೆ ಕೊಡುವ ದೂರು, ಅಂದರೆ ಡಿಸ್‌ಪ್ಯೂಟ್, ಅದನ್ನು ಮಾತ್ರ ಹಾಕಬೇಡಿ. ಪೆಂಡಿಂಗ್ ಇರುವುದಕ್ಕೆ ಡಿಸ್‌ಪ್ಯೂಟ್ ನಡೆಯುವುದಿಲ್ಲ, ಪೋಸ್ಟ್ ಆದ 139ಕ್ಕೆ ಹಾಕಿದರೆ ತಪ್ಪು ನಿಮ್ಮದಾಗುತ್ತದೆ, ಆ ದುಡ್ಡು ಅವರದ್ದೇ ತಾನೆ.

ಇಷ್ಟು ಓದಿ "ಸರಿ, ಇನ್ನು ಮೇಲೆ ಅವೈಲಬಲ್ ಮಾತ್ರ ನೋಡ್ತೀನಿ" ಅಂತ ನೀವು ತೀರ್ಮಾನ ಮಾಡಿದರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೀರಿ. ನಾನು ನೋಡಿದ ದೊಡ್ಡ ನಷ್ಟಗಳೆಲ್ಲ ಆ ಹಳ್ಳದ್ದೇ.

ಎಲ್ಲ ಪಂಪ್‌ಗಳೂ 175 ತಡೆದಿಡುವುದಿಲ್ಲ. ಕೆಲವು ಬರೀ 1 ಡಾಲರ್ ಕೇಳುತ್ತವೆ, ಕಾರ್ಡ್ ಜೀವಂತ ಇದ್ಯಾ ಅಂತ ನೋಡೋಕೆ. ಅಂತಿಮ ಮೊತ್ತ ಬರುವವರೆಗೆ ಕೆಲವು ಬ್ಯಾಂಕುಗಳ ಆಪ್ ಅದೇ 1 ಡಾಲರ್ ತೋರಿಸುತ್ತಿರುತ್ತದೆ. ನೀವು 45 ಡಾಲರ್ ಹಾಕಿಕೊಂಡಿದ್ದೀರಿ, ಅವೈಲಬಲ್ ಇಳಿದದ್ದು 1 ಡಾಲರ್. ಆ 44 ಡಾಲರ್ ನಿಮ್ಮದಲ್ಲ, ಆದರೆ ಪರದೆ ನಿಮ್ಮದು ಅನ್ನುತ್ತದೆ. ರೆಸ್ಟೋರೆಂಟ್‌ನಲ್ಲೂ ಅಷ್ಟೆ. 40ರ ಬಿಲ್‌ಗೆ ಕಾರ್ಡ್ ಹಾಕಿಸಿ ಚೀಟಿ ಮೇಲೆ 8 ಡಾಲರ್ ಟಿಪ್ ಬರೆದರೆ ಹೋಲ್ಡ್ ಇರುವುದು ಸಾಮಾನ್ಯವಾಗಿ 40ಕ್ಕೆ, ಎರಡು ದಿನ ಬಿಟ್ಟು ಬರುವುದು 48.

ಇನ್ನೂ ಕೆಟ್ಟದ್ದು, ಹೋಲ್ಡ್ ಸತ್ತು ಅಂತಿಮ ಲೆಕ್ಕ ಇನ್ನೂ ಬಂದಿರದ ನಡುವಿನ ದಿನ. ಬ್ಯಾಂಕು ಮೂರು ದಿನಕ್ಕೆ ಹೋಲ್ಡ್ ಬಿಟ್ಟಿತು ಅಂದುಕೊಳ್ಳಿ, ಹೋಟೆಲ್‌ನವರು ಬಿಲ್ ಕಳಿಸಿದ್ದು ಐದನೇ ದಿನ. ನಾಲ್ಕನೇ ದಿನ ಆಪ್ ತೆಗೆದರೆ ಲೆಡ್ಜರ್ ಕೂಡ ಪೂರ್ತಿ, ಅವೈಲಬಲ್ ಕೂಡ ಪೂರ್ತಿ. ಎರಡು ಅಂಕಿಯೂ ಒಂದೇ. ನೋಡಿದವರಿಗೆ "ಅಬ್ಬಾ, ವಾಪಸ್ ಬಂತು" ಅನಿಸುತ್ತದೆ. ಖರ್ಚು ಮಾಡಿಬಿಡುತ್ತಾರೆ. ಐದನೇ ದಿನ ಹೋಟೆಲಿನ ಬಿಲ್ ಬರುತ್ತದೆ, ಖಾತೆ ಮೈನಸ್. ಹೋಲ್ಡ್ ಇಲ್ಲ ಅಂದ ಮಾತ್ರಕ್ಕೆ ಬಾಕಿ ಇಲ್ಲ ಅಂತ ಅಲ್ಲ, ಹೋಟೆಲ್‌ನವರು ತಡವಾಗಿಯಾದರೂ ಕಳಿಸಬಹುದು, ಬ್ಯಾಂಕು ಕೊಡಬೇಕಾಗುತ್ತದೆ.

ಹಾಗಾಗಿ ನಾನು ಮಾಡುವುದು ಏನೆಂದರೆ, ಪರದೆಯ ಎರಡು ಅಂಕಿಗಳನ್ನೂ ನಂಬದೆ ಮೂರನೆಯದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು. ಲೆಡ್ಜರ್ ತೆಗೆದುಕೊಳ್ಳಿ, ಅದರಲ್ಲಿ ನೀವು ನಿಜವಾಗಿ ಖರ್ಚು ಮಾಡಿ ಇನ್ನೂ ಪೋಸ್ಟ್ ಆಗದೇ ಇರುವುದನ್ನು ನಿಮ್ಮ ರಸೀದಿ ನೋಡಿ ಕಳೆಯಿರಿ, ಹೋಲ್ಡ್ ಮೊತ್ತ ನೋಡಿ ಅಲ್ಲ. ಶನಿವಾರ ಸಂಜೆ ನಿಮ್ಮದು 412.60ರಲ್ಲಿ 31.40 ಮತ್ತು 139 ಕಳೆದು 242.20 ಆಗಿತ್ತು. ಇವತ್ತಿನ ಲೆಡ್ಜರ್ ಹೇಳುತ್ತಿರುವುದೂ ಅದನ್ನೇ. ನಿಮ್ಮ ದುಡ್ಡು ಎಷ್ಟು ಅಂದರೆ ಈ ಮೂರನೇ ಅಂಕಿ. ಇವತ್ತು ಎಷ್ಟು ಬಳಸಬಹುದು ಅಂದರೆ ಅದು ಮತ್ತು ಅವೈಲಬಲ್, ಎರಡರಲ್ಲಿ ಯಾವುದು ಕಡಿಮೆಯೋ ಅದು.

ಮುಂದಿನ ಸಲಕ್ಕೆ ಪೆಟ್ರೋಲಿನ ವಿಷಯ ಸುಲಭ. ಪಂಪ್‌ನಲ್ಲಿ ಕಾರ್ಡ್ ಹಾಕದೆ ಒಳಗೆ ಹೋಗಿ ಕ್ಯಾಷಿಯರ್ ಹತ್ತಿರ "ನಾಲ್ಕನೇ ಪಂಪ್, ಮೂವತ್ತು ಡಾಲರ್" ಅನ್ನಿ. ಮೊತ್ತ ಮೊದಲೇ ಗೊತ್ತಾದ ಮೇಲೆ 175 ಎತ್ತಿಡುವ ಕಾರಣವೇ ಇಲ್ಲ. ಚಳಿಯಲ್ಲಿ ಒಳಗೆ ನಡೆಯೋಕೆ ಬೇಜಾರಾದರೆ ಪಂಪ್‌ನಲ್ಲೇ ಡೆಬಿಟ್ ಅಂತ ಒತ್ತಿ ಪಿನ್ ಹಾಕಿ, ಪಿನ್ ಹಾಕಿದ ವ್ಯವಹಾರದ ಹೋಲ್ಡ್ ಸಾಮಾನ್ಯವಾಗಿ ಬೇಗ ಕಳಚಿಕೊಳ್ಳುತ್ತದೆ. ಪಂಪ್ ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ತಡೆದಿಡುತ್ತೇವೆ ಅಂತ ಚೀಟಿ ಅಂಟಿಸಿರುವುದೂ ಉಂಟು, ಓದಿ.

ಹೋಟೆಲಿಗೆ ಕ್ರೆಡಿಟ್ ಕಾರ್ಡ್ ಕೊಡುವುದು ವಾಸಿ. ಅಲ್ಲೂ ಹೋಲ್ಡ್ ಇರುತ್ತದೆ, ಆದರೆ ಅದು ಕಟ್ಟಿಹಾಕುವುದು ನಿಮ್ಮ ಲಿಮಿಟ್ಟನ್ನು, ಬಾಡಿಗೆ ದುಡ್ಡನ್ನಲ್ಲ. ನಾಲ್ಕು ತಿಂಗಳಲ್ಲಿ ನಿಮಗೆ ಸಿಗುವುದು 300 ಡಾಲರ್ ಲಿಮಿಟ್ಟಿನ ಕಾರ್ಡ್ ಇರಬಹುದು, ಒಂದು ರಾತ್ರಿಗೆ ಅದು ಸಾಕು. ಡೆಬಿಟ್ಟೇ ಗತಿ ಅಂದರೆ ಚೆಕ್‌ಇನ್‌ನಲ್ಲಿ "ಒಟ್ಟು ಎಷ್ಟು ಹೋಲ್ಡ್ ಹಾಕ್ತೀರಿ?" ಅಂತ ಬಾಯಿ ಬಿಟ್ಟು ಕೇಳಿ, ಹೊರಡುವಾಗ ಅದೇ ಕಾರ್ಡ್‌ನಲ್ಲಿ, ಅದೇ ಆಥರೈಸೇಷನ್ ಮೇಲೆ ಮುಗಿಸಿ ಅಂತ ಹೇಳಿ.

ಬೇಸಿಗೆಯಲ್ಲಿ ಅಪ್ಪ ಅಮ್ಮ ನಿಮ್ಮನ್ನು ನೋಡೋಕೆ ಬಂದರೆ ಇದನ್ನು ಅವರಿಗೂ ಹೇಳಿ. ಅವರು ಊರಿನಿಂದ ಫಾರೆಕ್ಸ್ ಕಾರ್ಡ್‌ಗೆ ಡಾಲರ್ ತುಂಬಿಸಿಕೊಂಡು ಬಂದಿರುತ್ತಾರೆ. ಆ ಕಾರ್ಡ್ ಹೋಟೆಲ್ ಡೆಸ್ಕ್‌ನಲ್ಲೋ ಬಾಡಿಗೆ ಕಾರಿನವರ ಹತ್ತಿರವೋ ಕೊಟ್ಟರೆ ಹೋಲ್ಡ್ ವಾರಗಟ್ಟಲೆ ನಿಲ್ಲಬಹುದು. ಊರಿಗೆ ಹೋಗಿ ಉಳಿದ ಡಾಲರ್ ವಾಪಸ್ ಮಾಡಿಸೋಣ ಅಂದರೆ ಒಂದಿಷ್ಟು ಇನ್ನೂ ರಬ್ಬರ್ ಬ್ಯಾಂಡ್ ಒಳಗಿರುತ್ತದೆ. ಫಾರೆಕ್ಸ್ ಕಾರ್ಡ್ ಅಂಗಡಿ, ಊಟಕ್ಕೆ ಇಟ್ಟುಕೊಳ್ಳಲಿ.

ಊರಿನ ಖಾತೆಯಲ್ಲೂ ಲೆಡ್ಜರ್ ಜಾಸ್ತಿ, ಅವೈಲಬಲ್ ಕಡಿಮೆ ಇರುವುದನ್ನು ಅಪ್ಪ ನೋಡಿರಬಹುದು, ಐಪಿಓಗೆ ಅರ್ಜಿ ಹಾಕುವ ಅಭ್ಯಾಸ ಇದ್ದರೆ. ಅಲ್ಲಿ ಅದಕ್ಕೆ ಲೀನ್ ಅಂತಲೂ ಬ್ಲಾಕ್ ಅಂತಲೂ ಹೆಸರು. ಷೇರು ಸಿಗುವವರೆಗೆ ದುಡ್ಡು ಅವರ ಖಾತೆಯಲ್ಲೇ ಇದ್ದು ಬಡ್ಡಿಯೂ ಬರುತ್ತಿರುತ್ತದೆ, ಷೇರು ಸಿಗದಿದ್ದರೆ ಬಿಚ್ಚಿಕೊಳ್ಳುತ್ತದೆ. ಅರ್ಜಿಯನ್ನೂ ಹಾಕದೆ, ಸಾಲವೂ ಇಲ್ಲದೆ ಇದ್ದಕ್ಕಿದ್ದ ಹಾಗೆ ಲೀನ್ ಕಂಡರೆ ಮಾತ್ರ ಅದು ಬೇರೆ ಕಥೆ. ಯಾವುದೋ ಸೈಬರ್ ವಂಚನೆ ದೂರಿನ ದುಡ್ಡು ಆ ಖಾತೆ ಹಾದು ಹೋಗಿದೆ ಅಂತ ಪೊಲೀಸರು ಹಾಕಿಸಿರಬಹುದು, ಅದು ಹೋಟೆಲಿನ ಹೋಲ್ಡ್ ಹಾಗೆ ಕೆಲವು ದಿನಕ್ಕೆ ತಾನಾಗಿ ಸಾಯುವುದಿಲ್ಲ. ನೇರ ಬ್ರಾಂಚಿಗೆ ಹೋಗಿ ಯಾವ ದೂರಿನ ಸಂಖ್ಯೆ ಅಂತ ಬರೆಸಿಕೊಂಡು ಬರಬೇಕು.

ನಿಮ್ಮದು ಅಷ್ಟು ದೊಡ್ಡದಲ್ಲ. ಮೊದಲು ಆ ಇಪ್ಪತ್ತು ಡಾಲರ್ ಹಾಕಿ, ಆಮೇಲೆ ಹಗಲು ಹೊತ್ತಲ್ಲಿ ಹೋಟೆಲಿಗೆ ಫೋನ್ ಮಾಡಿ. 189 ಬಿಟ್ಟ ದಿನ ಲೆಡ್ಜರ್‌ನ ಅಂಕಿ ಒಂದು ಸೆಂಟ್ ಕೂಡ ಏರುವುದಿಲ್ಲ, ಅವೈಲಬಲ್ ಮಾತ್ರ ಮೇಲೆ ಬಂದು ಅದರ ಪಕ್ಕ ನಿಲ್ಲುತ್ತದೆ. "ರೀಫಂಡ್ ಬಂದೇ ಇಲ್ಲ" ಅಂತ ಆಗ ಮತ್ತೆ ಪತ್ರ ಬರೆಯಬೇಡಿ.